ಟರ್ಮ್ ಪಾಲಿಸಿ ಫಾರಂ: ಹೊಗೆಸೊಪ್ಪು, ಬಿಪಿ ಮಾತ್ರೆ, ನಾಮಿನಿ

ಪ್ರಶ್ನೆ (ಶಿವಮೊಗ್ಗ, 33 ವರ್ಷ): ಮೊದಲ ಸಲ ಟರ್ಮ್ ಇನ್ಶೂರೆನ್ಸ್ ಮಾಡಿಸ್ತಿದ್ದೀನಿ, 1 ಕೋಟಿಗೆ. ದಿನಕ್ಕೆ ಎರಡು ಸಲ ಎಲೆಅಡಿಕೆ ಜೊತೆ ಚೂರು ಹೊಗೆಸೊಪ್ಪು ಹಾಕ್ಕೊಳ್ತೀನಿ, ಬೀಡಿ ಸಿಗರೇಟು ಇಲ್ಲ. ಎರಡು ವರ್ಷದಿಂದ ಬಿಪಿಗೆ ಒಂದು ಮಾತ್ರೆ ಇದೆ. ಏಜೆಂಟ್ ಅಣ್ಣ "ಎರಡಕ್ಕೂ ಇಲ್ಲ ಅಂತ ಹಾಕೋಣ, ಮೂರು ವರ್ಷ ಆದ್ಮೇಲೆ ಯಾರೂ ಕೇಳಲ್ಲ" ಅಂದ್ರು. ಇನ್ನೂ ಸಹಿ ಹಾಕಿಲ್ಲ. ನಾಮಿನಿ ಅಮ್ಮನ್ನ ಹಾಕ್ಲಾ, ಹೆಂಡ್ತೀನಾ? ಮಗಳಿಗೆ ಎರಡು ವರ್ಷ.

ದಾವಣಗೆರೆಯ ಒಬ್ಬರು: ಬಿಪಿ ಇದ್ರೆ ಮೂರು ವರ್ಷ ವೇಟಿಂಗ್ ಪೀರಿಯಡ್ ಇರುತ್ತೆ ಸರ್, ಆಮೇಲೆ ಕವರ್ ಆಗುತ್ತೆ. ನಂಗೂ ಹಾಗೇ ಆಗಿದ್ದು.

ವಿಮಾ ಕಂಪನಿಯಲ್ಲಿ 26 ವರ್ಷ ಅಂಡರ್‌ರೈಟಿಂಗ್ ನೋಡಿ ನಿವೃತ್ತರಾದವರು, ಮೈಸೂರು: ದಾವಣಗೆರೆಯವರೇ, ನೀವು ಹೇಳ್ತಿರೋದು ಆಸ್ಪತ್ರೆ ಖರ್ಚಿನ ಪಾಲಿಸಿ ವಿಷಯ. ಟರ್ಮ್‌ನಲ್ಲಿ ಬಿಪಿಗೆ ಅಂಥ ವೇಟಿಂಗ್ ಇಲ್ಲ. ಬಿಪಿ ಇದೆ ಅಂತ ಹೇಳಿ ಪಾಲಿಸಿ ತಗೊಂಡ್ರೆ ಮೊದಲ ವರ್ಷವೇ ಹೃದಯಾಘಾತ ಆದ್ರೂ ಹಣ ಬರಬೇಕು.

ಶಿವಮೊಗ್ಗದವರೇ, ನಿಮ್ಮ ಏಜೆಂಟ್ ಹೇಳಿದ ಮೂರು ವರ್ಷ ಅನ್ನೋದು ಗಾಳಿಮಾತಲ್ಲ. ವಿಮಾ ಕಾಯ್ದೆ 1938ರ 45ನೇ ಸೆಕ್ಷನ್ ಪ್ರಕಾರ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಕಂಪನಿ ಅದನ್ನ ಪ್ರಶ್ನೆ ಮಾಡೋ ಹಾಗಿಲ್ಲ, ವಂಚನೆ ಅಂತಾನೂ ಹೇಳೋ ಹಾಗಿಲ್ಲ. ಆದರೆ ಆ ಮಾತನ್ನ ನಂಬಿ ಸುಳ್ಳು ಬರೆದವರು ಮೂರು ವರ್ಷ ಬದುಕಿರಬೇಕಲ್ಲ! ನಡುವೆ ಕಂತು ತಪ್ಪಿ ಪಾಲಿಸಿ ಬಿದ್ದುಹೋಗಿ ಮತ್ತೆ ಎಬ್ಬಿಸಿದರೆ, ಆ ದಿನದಿಂದ ಹೊಸದಾಗಿ ಮೂರು ವರ್ಷ ಎಣಿಸ್ತಾರೆ. ಇದನ್ನ ಮಾತ್ರ ಯಾರೂ ಹೇಳಲ್ಲ.

ನಿಮ್ಮದೇ ಕೇಸ್ ಇಟ್ಕೊಂಡು ನೋಡಿ. ಎರಡಕ್ಕೂ "ಇಲ್ಲ" ಅಂತ ಬರೆದು 14ನೇ ತಿಂಗಳಲ್ಲಿ ಎದೆನೋವು ಬಂತು ಅನ್ಕೊಳ್ಳಿ. ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರು "ಮೊದಲಿಂದ ಏನಾದ್ರೂ ಇತ್ತಾ?" ಅಂತಾರೆ. ನಿಮ್ಮ ಹೆಂಡತಿ ಗಾಬರಿಯಲ್ಲಿ "ಎರಡು ಮೂರು ವರ್ಷದಿಂದ ಬಿಪಿ ಮಾತ್ರೆ ತಗೋತಾರೆ, ಹೊಗೆಸೊಪ್ಪು ಹಾಕ್ತಾರೆ" ಅಂತಾರೆ. ಅದು ಕೇಸ್ ಶೀಟಿನ ಮೊದಲ ಪುಟದಲ್ಲೇ ಕೂತುಬಿಡುತ್ತೆ. ಮೂರು ವರ್ಷದೊಳಗಿನ ಕ್ಲೇಮಿಗೆ ತನಿಖೆ ಮಾಡೋದು ಮಾಮೂಲಿ. ಬರೋ ಮನುಷ್ಯ ಆ ಕೇಸ್ ಶೀಟು ತಗೊಂಡು, ನಿಮ್ಮ ಬೀದಿ ಕ್ಲಿನಿಕ್ಕು, ಮೆಡಿಕಲ್ ಶಾಪು, ಆಫೀಸಿನ ರಜೆ ದಾಖಲೆ ಎಲ್ಲ ಸುತ್ತಿ ಹೋಗ್ತಾನೆ. ನಾನು ಓದಿದ ತನಿಖಾ ವರದಿಗಳಲ್ಲಿ ಹೆಚ್ಚಿನವು ಆ ಮೊದಲ ಪುಟದಿಂದಲೇ ಶುರುವಾಗ್ತಿದ್ದವು.

ಆಗ ಕಂಪನಿ, ವಿಷಯ ಮುಚ್ಚಿಟ್ಟಿದ್ದಾರೆ, ಗೊತ್ತಿದ್ದರೆ ಪಾಲಿಸಿಯನ್ನೇ ಕೊಡ್ತಿರಲಿಲ್ಲ ಅನ್ನಬಹುದು. ಅದನ್ನ ತೋರಿಸೋ ಹೊಣೆ ಕಂಪನಿ ಮೇಲಿದೆ. ಆದರೂ ಅದು ನಿಂತರೆ ಮನೆಯವರಿಗೆ ಸಿಗೋದು ಕಟ್ಟಿದ ಪ್ರೀಮಿಯಂ ಅಷ್ಟೇ. ವಂಚನೆ ಅಂತ ಸಾಬೀತಾದ್ರೆ ಅದನ್ನೂ ವಾಪಸ್ ಕೊಡಬೇಕು ಅಂತಿಲ್ಲ.

ನಿಜ ಬರೆದರೆ? ತಂಬಾಕಿನ ದರ ಹಾಕ್ತಾರೆ. ನಾನು ನೋಡಿದ ಮಟ್ಟಿಗೆ ಅದು ಒಂದೂವರೆ ಪಟ್ಟಿಂದ ಎರಡು ಪಟ್ಟಿನವರೆಗೆ ಹೋಗುತ್ತೆ. ಬಿಪಿ ಹತೋಟಿಯಲ್ಲಿದ್ದರೆ ಲೋಡಿಂಗ್ ಅಂತ ಮೇಲೊಂದಿಷ್ಟು ಪ್ರೀಮಿಯಂ ಬರಬಹುದು, ಬರದೇನೂ ಇರಬಹುದು. ಹೊಗೆಸೊಪ್ಪು ಸಿಗರೇಟಲ್ಲ ಅನ್ನೋ ವಾದ ನಡೆಯಲ್ಲ. ಫಾರಂ ಕೇಳೋದು ಯಾವುದೇ ರೂಪದ ತಂಬಾಕು. ಕಡ್ಡಿಪುಡಿ, ಗುಟ್ಕಾ, ನಶ್ಯ ಎಲ್ಲ ಅದರೊಳಗೇ.

ತುಮಕೂರಿನ ಒಬ್ಬರು: ಹೊಗೆಸೊಪ್ಪು ಒಂದು ವಾರ ಬಿಟ್ಟರೆ ಮೂತ್ರದ ಟೆಸ್ಟಿನಲ್ಲಿ ಏನೂ ಬರಲ್ಲ ಅಂತಾರಲ್ಲ ಸರ್?

ಮೈಸೂರಿನವರು: ಕೊಟಿನೈನ್ ಟೆಸ್ಟ್ ತಾನೇ? ಕೆಲವು ದಿನ ಬಿಟ್ಟರೆ ಬರದೇ ಇರಬಹುದು, ಹೌದು. ಆದರೆ ಫಾರಂ ಈ ವಾರದ ಬಗ್ಗೆ ಕೇಳ್ತಿಲ್ಲ, ಸಾಮಾನ್ಯವಾಗಿ ಹಿಂದಿನ 12 ತಿಂಗಳ ಬಗ್ಗೆ ಕೇಳುತ್ತೆ. ಟೆಸ್ಟಿನಲ್ಲಿ ಪಾಸಾದ್ರೂ ಬರೆದ ಉತ್ತರ ಸುಳ್ಳೇ.

ಹುಬ್ಬಳ್ಳಿಯ ಒಬ್ಬಾಕೆ: ನಮ್ಮ ಭಾವನ ಕೇಸಿನ್ಯಾಗ ಫಾರಂ ಇಂಗ್ಲಿಷಿನ್ಯಾಗಿತ್ತು, ಏಜೆಂಟನ ತುಂಬಿದ್ದ. ಅವರು ಕನ್ನಡದಾಗ ಸಹಿ ಅಷ್ಟ ಮಾಡಿದ್ರು. "ನಮಗ ಗೊತ್ತಿರಲಿಲ್ಲ" ಅಂದ್ರ ಯಾರೂ ಕೇಳಲಿಲ್ರಿ. ಎರಡು ವರ್ಷ ಆತು, ಇನ್ನೂ ಅಲೆದಾಡಾಕತ್ತೀವಿ.

ಮೈಸೂರಿನವರು: ಅಕ್ಕಾ, ಆ ಫಾರಂ ಕಾಪಿ ತೆಗೆದು ಕೊನೆ ಪುಟ ನೋಡಿ. ಸಹಿ ಕನ್ನಡದಲ್ಲಿದ್ದರೆ, ತುಂಬಿದವನು "ಇವರ ಭಾಷೆಯಲ್ಲಿ ವಿವರಿಸಿದ್ದೇನೆ" ಅಂತ ಬರೆದು ಸಹಿ ಹಾಕೋ ಜಾಗ ಇರುತ್ತೆ. ಅದು ಖಾಲಿ ಇದ್ದರೆ ನಿಮ್ಮ ವಕೀಲರಿಗೆ ತೋರಿಸಿ. ಅಷ್ಟರಿಂದಲೇ ಗೆಲ್ತೀರಿ ಅಂತ ಹೇಳಲಾರೆ. 2019ರಲ್ಲಿ ಸುಪ್ರೀಂ ಕೋರ್ಟು, ಸಹಿ ಹಾಕಿದ ಮೇಲೆ ಏಜೆಂಟ್ ತುಂಬಿದ ಅನ್ನೋ ನೆಪ ನಡೆಯಲ್ಲ ಅಂತ ಹೇಳಿದೆ. ಆ ಕೇಸಿನಲ್ಲಿ ಮುಚ್ಚಿಟ್ಟಿದ್ದು ರೋಗವನ್ನಲ್ಲ, ಎರಡು ತಿಂಗಳ ಹಿಂದೆ ಬೇರೆ ಕಂಪನಿಯಲ್ಲಿ ತಗೊಂಡಿದ್ದ ಪಾಲಿಸಿಯನ್ನ. ಹಾಗಾಗಿ ಶಿವಮೊಗ್ಗದವರೇ, ಹಳೇ ಪಾಲಿಸಿಗಳನ್ನೂ ಬಿಡದೆ ಬರೀರಿ.

ನಾಮಿನಿ ವಿಷಯಕ್ಕೆ ಬರೋಣ. 2015ರ ತಿದ್ದುಪಡಿ ಆದಮೇಲೆ 39ನೇ ಸೆಕ್ಷನ್ ಪ್ರಕಾರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿ ಆದರೆ ಹಣ ಅವರದ್ದೇ. ಅಣ್ಣ, ತಮ್ಮ, ಸ್ನೇಹಿತ ಆದರೆ ಅವರು ಪಡೆದು ವಾರಸುದಾರರಿಗೆ ಕೊಡಬೇಕಾದವರು ಅಷ್ಟೇ.

ಧಾರವಾಡದ ವಕೀಲರು: ಅಷ್ಟು ಸಲೀಸಿಲ್ಲ ಸರ. 2025ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠದಿಂದ ಒಂದು ತೀರ್ಪು ಬಂದೈತಿ. ಆ ಮನುಷ್ಯ ಮದುವೆಗೆ ಮುಂಚೆ ತಾಯಿ ಹೆಸರು ಹಾಕಿದ್ದ. ಮದುವೆ ಆತು, ಮಗು ಆತು, ಹೆಸರು ಬದಲಿಸಲಿಲ್ಲ, ತೀರಿಕೊಂಡ. ತಾಯಿ "ನಾಮಿನಿ ನಾನ, ಪೂರ್ತಿ ನನಗ" ಅಂದ್ರು. ಕೋರ್ಟು, 39ನೇ ಸೆಕ್ಷನ್ ಉತ್ತರಾಧಿಕಾರ ಕಾನೂನನ್ನ ಮೀರೂದಿಲ್ಲ ಅಂತ ಹೇಳಿ ತಾಯಿ, ಹೆಂಡತಿ, ಮಗು ಮೂವರಿಗೂ ಮೂರರಲ್ಲೊಂದು ಪಾಲು ಕೊಟ್ಟಿತು.

ಮೈಸೂರಿನವರು: ಕಾಯ್ದೆಯ ಮಾತು ನೋಡಿದರೆ ಹಣ ನಾಮಿನಿಗೇ ಸೇರಬೇಕು ಅಂತ ನನಗೆ ಈಗಲೂ ಅನ್ಸುತ್ತೆ, ವಕೀಲರೇ.

ಧಾರವಾಡದ ವಕೀಲರು: ಅನಸ್ತದ, ಆದ್ರ ಸದ್ಯ ಕರ್ನಾಟಕದಾಗ ಯಾರರ ಕೇಸ್ ಹಾಕಿದ್ರ ಈ ತೀರ್ಪು ಎದುರಿಗೆ ಬರ್ತದ. ಅದಕ್ಕ ಶಿವಮೊಗ್ಗದವರು ಹೆಂಡತಿಗೂ ತಾಯಿಗೂ ಶೇಕಡಾ ಇಷ್ಟಿಷ್ಟು ಅಂತ ಹಾಕಿ, ಅದೇ ಪಾಲಿನ್ಯಾಗ ಒಂದು ವಿಲ್ ಬರೆದಿಟ್ಟರ ಜಗಳ ಕಡಿಮೆ. ಎರಡು ವರ್ಷದ ಮಗಳ ಹೆಸರು ಹಾಕೂದಾದ್ರ ಅಪಾಯಿಂಟಿ ಅಂತ ದೊಡ್ಡವರ ಹೆಸರು ಬೇಕಾಗ್ತದ. ಸಾಲ ಕೊಟ್ಟವರು ಈ ಹಣಕ್ಕ ಕೈ ಹಾಕ್ತಾರ ಅನ್ನೂ ಭಯ ಇದ್ರ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ ಅಡಿ ಪಾಲಿಸಿ ಮಾಡಸಬಹುದು. ಅದನ್ನ ಪ್ರೊಪೋಸಲ್ ಕೊಡೂ ಮುಂದನ ಹೇಳಬೇಕು, ಅದರೊಳಗ ಹೆಂಡತಿ ಮಕ್ಕಳಷ್ಟ, ತಾಯಿಗೆ ಜಾಗ ಇಲ್ಲ. ಆಮೇಲೆ ಬದಲಿಸಾಕೂ ಬರೂದಿಲ್ಲ.

ಕೇಳಿದವರು: ಮನೆ ಸಾಲ ಇದೆ. ಆದರೆ ಅಮ್ಮನ್ನ ಬಿಡೋಕೆ ಮನಸ್ಸಿಲ್ಲ.

ಮೈಸೂರಿನವರು: ಹಾಗಾದ್ರೆ ಎರಡು ಪಾಲಿಸಿ ಮಾಡಿಸಿ. ಹೆಂಡತಿ ಮಗಳಿಗೆ ಆ ಕಾಯ್ದೆ ಅಡಿ ದೊಡ್ಡದು, ಅಮ್ಮನಿಗೆ ಚಿಕ್ಕದು. ಎರಡೂ ಫಾರಂನಲ್ಲಿ ಒಂದೇ ಉತ್ತರ ಇರಲಿ, ಒಂದರಲ್ಲಿ ಇನ್ನೊಂದರ ವಿಷಯ ಬರೀರಿ. ಕಂಪನಿಯಿಂದ ವೆರಿಫಿಕೇಶನ್ ಫೋನು ಬಂದಾಗ ಏಜೆಂಟ್ ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡೋಕೆ ಬಿಡಬೇಡಿ, ಅದೆಲ್ಲ ರೆಕಾರ್ಡ್ ಆಗುತ್ತೆ. ಪಾಲಿಸಿ ಬಂದ ದಿನ ಮೊದಲು ಅದರ ಜೊತೆ ಬರೋ ನಿಮ್ಮ ಫಾರಂ ಕಾಪಿ ತೆಗೆದು, ತಂಬಾಕು ಸಾಲಿನಲ್ಲಿ "ಹೌದು" ಅಂತಾನೇ ಇದೆಯಾ ನೋಡಿ. ಇಲ್ಲದಿದ್ದರೆ ಲಿಖಿತವಾಗಿ ತಿದ್ದಿಸಿ, ಆಗದಿದ್ದರೆ 30 ದಿನದೊಳಗೆ ವಾಪಸ್ ಮಾಡಿ.

ಕೇಳಿದವರು: ಏಜೆಂಟ್ ಅಣ್ಣಂಗೆ ಫೋನ್ ಮಾಡ್ದೆ. "ಹೌದು ಅಂತ ಬರೆದ್ರೆ ರೇಟು ಜಾಸ್ತಿ ಆಗುತ್ತೆ, ಆಮೇಲೆ ನನ್ನ ಕೇಳ್ಬೇಡಿ" ಅಂದ್ರು. ಫಾರಂ ಇಸ್ಕೊಂಡು ಬಂದಿದ್ದೀನಿ, ರಾತ್ರಿ ನಾನೇ ತುಂಬ್ತೀನಿ. ಬಿಪಿ ಮಾತ್ರೆ ಹೆಸರು ಬರೆಯೋ ಕಡೆ ಅದರ ಮಿಲಿಗ್ರಾಮೂ ಬೇಕಾ ಸರ್?

ಮೈಸೂರಿನವರು: ಬೇಕು. ಮಾತ್ರೆ ಪಟ್ಟಿ ನೋಡಿ ಬರೀರಿ. ಶುರು ಮಾಡಿದ ತಿಂಗಳು, ಬರೆದುಕೊಟ್ಟ ಡಾಕ್ಟರ ಹೆಸರು, ಕೊನೇ ಸಲ ನೋಡಿಸಿದಾಗಿನ ಬಿಪಿ ಎಷ್ಟಿತ್ತು ಅನ್ನೋದನ್ನೂ ಹಾಕಿ.