ಸಹಾಯ ಬೇಕು: ಪರ್ಷಿಯನ್ ಸಂತಾಪದ ಒಂದು ಸಾಲು ಕನ್ನಡದಲ್ಲಿ ಶಾಪದಂತೆ ಕೇಳಿಸುತ್ತಿದೆ

ಮೈಸೂರಿನಲ್ಲಿ ನಮ್ಮ ಪಕ್ಕದ ಮನೆಯ ರಾಯರು ಕಳೆದ ವಾರ ತೀರಿಕೊಂಡರು. ಹಿಂದೆ ಅವರ ಮಹಡಿಯಲ್ಲಿ ಬಾಡಿಗೆಗಿದ್ದು ಓದಿದ ಇರಾನಿನ ಹುಡುಗ ಶಿರಾಜಿನಿಂದ ಮೂರು ಸಾಲು ಕಳುಹಿಸಿ, ‘ಅಮ್ಮನವರಿಗೆ ಕನ್ನಡದಲ್ಲಿ ಓದಿ ಹೇಳಿ’ ಎಂದಿದ್ದಾನೆ. ನನಗೆ ಬರುವುದು ಅವನೇ ಕಲಿಸಿದ ಅಲ್ಪಸ್ವಲ್ಪ ಪರ್ಷಿಯನ್.

‘ರೂಹೆಶಾನ್ ಶಾದ್’ ಎಂಬುದಕ್ಕೆ ‘ಅವರ ಆತ್ಮಕ್ಕೆ ಶಾಂತಿ ಸಿಗಲಿ’ ಎಂದು ಬರೆದೆ. ಮೂಲದಲ್ಲಿರುವುದು ಶಾಂತಿಯಲ್ಲ, ಸಂತೋಷ, ಆದರೂ ಹೊಂದುತ್ತದೆ. ‘ಮಾ ರಾ ದರ್ ಗಮೆ ಖೋದ್ ಶರೀಕ್ ಬೆದಾನೀದ್’ ಎಂಬುದನ್ನು ಮೊದಲು ‘ನಿಮ್ಮ ದುಃಖದಲ್ಲಿ ನಮ್ಮನ್ನೂ ಪಾಲುದಾರರೆಂದು ತಿಳಿಯಿರಿ’ ಎಂದು ಮಾಡಿ, ಅಂಗಡಿ ವ್ಯವಹಾರದಂತೆ ಕೇಳಿಸಿದ್ದರಿಂದ ‘ನಿಮ್ಮ ದುಃಖ ನಮ್ಮದೂ ಹೌದು’ ಎಂದು ತಿದ್ದಿದೆ.

ಸಿಕ್ಕಿಕೊಂಡಿರುವುದು ಕೊನೆಯ ಸಾಲಿನಲ್ಲಿ: ‘ಗಮೆ ಆಖರೆತಾನ್ ಬಾಶದ್’. ಪದಶಃ ‘ಇದೇ ನಿಮ್ಮ ಕೊನೆಯ ದುಃಖವಾಗಲಿ’. ಇನ್ನು ಯಾವ ಸಾವನ್ನೂ ನೋಡುವಂತಾಗದಿರಲಿ ಎಂಬ ಹಾರೈಕೆ ಅದು. ಇರಾನಿನಲ್ಲಿ ಎಲ್ಲರೂ ಹೇಳುವ ಮಾತು. ಎಂಬತ್ತು ದಾಟಿದ ಅಮ್ಮನವರ ಮುಂದೆ ‘ಕೊನೆಯ’ ಎಂದರೆ ಮುಂದಿನ ಸರದಿ ಅವರದೇ ಎಂದಂತಾಗುತ್ತದೆ! ‘ದುಃಖ ಭರಿಸುವ ಶಕ್ತಿಯನ್ನು ದೇವರು ಕೊಡಲಿ’ ಎಂದರೆ ಸಭ್ಯವಾಗಿರುತ್ತದೆ, ಆದರೆ ಹುಡುಗ ಹೇಳಿದ್ದು ಅದಲ್ಲ. ‘ಇನ್ನು ಮುಂದೆ ಈ ಮನೆಗೆ ಇಂಥ ನೋವು ಬಾರದಿರಲಿ’ ಎಂದು ಓದಿದರೆ ಅವನ ಅರ್ಥ ಉಳಿಯುತ್ತದೆಯೇ? ಅಥವಾ ಹಿರಿಯರಿಗೆ ಹೇಳಲು ಇದಕ್ಕಿಂತ ಮೃದುವಾದ ಮಾತು ನಿಮ್ಮ ಕಡೆ ಇದೆಯೇ?