ಸೆಲ್ ಬಯಾಲಜಿಗೆ ಇನ್ನು 14 ದಿನ: ಎಲ್ಲಿಂದ ಹಿಡಿಯಲಿ?

ಪ್ರಶ್ನೆ, ಎರಡನೇ ವರ್ಷದ ವಿದ್ಯಾರ್ಥಿನಿ:
ಮೇಡಂ, ಪರೀಕ್ಷೆಗೆ ಎರಡೇ ವಾರ ಇದೆ. ಸೆಲ್ ಬಯಾಲಜಿ ಪೂರ್ತಿ ಒಂದು ಸಲ ಓದಿದ್ದೇನೆ, ಆದರೆ ಪುಸ್ತಕ ಮುಚ್ಚಿದ ಕೂಡಲೇ ಎಲ್ಲ ಖಾಲಿ. ಮೊದಲ ಅಧ್ಯಾಯದಿಂದ ಮತ್ತೆ ಓದಿಕೊಂಡು ಬರಲಾ? ಯಾವುದಕ್ಕೆ ಎಷ್ಟು ದಿನ ಇಡಲಿ?

ಉತ್ತರ, ಸೆಲ್ ಬಯಾಲಜಿ ಪಾಠ ಮಾಡುವವರು:
ಮೊದಲ ಅಧ್ಯಾಯದಿಂದ ಬೇಡ. ಹಾಗೆ ಹೊರಟವರು ಮೈಕ್ರೋಸ್ಕೋಪಿನ ಚರಿತ್ರೆಯನ್ನು ಮೂರನೇ ಸಲ ಓದಿ, ಮಿಯೋಸಿಸ್ ಹತ್ತಿರ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ.

ಇವತ್ತು ಪುಸ್ತಕ ತೆಗೆಯಲೇಬೇಡಿ. ಖಾಲಿ ಹಾಳೆಯಲ್ಲಿ ಒಂದು ಪ್ರಾಣಿಕೋಶ ಬರೆದು, ಒಳಗಿನ ಪ್ರತಿ ಭಾಗಕ್ಕೂ ಏನು ಬಂದು ಸೇರುತ್ತೆ, ಅಲ್ಲಿಂದ ಏನು ಹೊರಡುತ್ತೆ ಅಂತ ಬಾಣ ಹಾಕಿ. ಬಾಣ ಎಲ್ಲಿ ನಿಲ್ಲುತ್ತೋ ಅಲ್ಲೇ ನಿಮ್ಮ ಕೆಲಸ ಇರುವುದು.

ಆಮೇಲೆ ಮೆಂಬ್ರೇನ್ ಮತ್ತು ಟ್ರಾನ್ಸ್‌ಪೋರ್ಟ್‌ಗೆ ಎರಡು ದಿನ. ಇದರಲ್ಲಿ ಸೋಡಿಯಂ ಪಂಪ್ ಒಂದನ್ನು ಗಟ್ಟಿ ಮಾಡಿ: ಒಂದು ಎಟಿಪಿ ಖರ್ಚಾದರೆ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ಸಂಖ್ಯೆ ಸರಿಯಾಗಿ ಬರೆದು ದಿಕ್ಕು ತಿರುಗಿಸುವವರೇ ಜಾಸ್ತಿ. ಪಂಪ್ ನಿಂತರೆ ಕರುಳಿನ ಕೋಶ ಗ್ಲೂಕೋಸ್ ಎಳೆದುಕೊಳ್ಳುವುದು ಯಾಕೆ ಕಡಿಮೆಯಾಗುತ್ತೆ ಅಂತ ಹೇಳಲು ಬಂದರೆ ಸಾಕು, ಮುಂದೆ ಹೋಗಿ.

ನಾಲ್ಕರಿಂದ ಆರನೇ ದಿನ ಪೂರ್ತಿ ಪ್ರೋಟೀನ್ ಸಾಗಾಟಕ್ಕೆ. ಇಆರ್, ಗಾಲ್ಜಿ, ಲೈಸೋಸೋಮ್ ಅಂತ ಬೇರೆ ಬೇರೆ ಓದಿದರೆ ತಲೆಯಲ್ಲಿ ನಿಲ್ಲುವುದಿಲ್ಲ. ಒಂದೇ ಪ್ರೋಟೀನನ್ನು ಹಿಡಿದು ಅದರ ಹಿಂದೆ ಹೋಗಿ. ಮೇದೋಜೀರಕ ಗ್ರಂಥಿಯ ಜೀರ್ಣಕಿಣ್ವ ತೆಗೆದುಕೊಳ್ಳೋಣ. ರೈಬೋಸೋಮ್ ಕೆಲಸ ಶುರು ಮಾಡುವುದು ಸೈಟೋಸಾಲಿನಲ್ಲೇ. ಸಿಗ್ನಲ್ ಸೀಕ್ವೆನ್ಸ್ ಹೊರಗೆ ಇಣುಕಿದಾಗ ಎಸ್‌ಆರ್‌ಪಿ ಅದನ್ನು ಹಿಡಿದು, ರೈಬೋಸೋಮ್ ಸಮೇತ ಇಆರ್‌ಗೆ ಕರೆದೊಯ್ಯುತ್ತೆ. ಪ್ರೋಟೀನ್ ಒಳಗೆ ನುಗ್ಗುತ್ತೆ, ಸಿಗ್ನಲ್ ಕತ್ತರಿಸಿ ಹೋಗುತ್ತೆ. ಅಲ್ಲಿಂದ ಗಾಲ್ಜಿ, ಸ್ರವಿಸುವ ಕಣ, ಕೊನೆಗೆ ಹೊರಗೆ. ಇದು ಬರೀ ಕಲ್ಪನೆಯ ದಾರಿಯಲ್ಲ. ಜೇಮಿಸನ್ ಮತ್ತು ಪಲಾಡೆ 1967ರಲ್ಲಿ ಇದೇ ಗ್ರಂಥಿಯ ಚೂರುಗಳಿಗೆ 3 ನಿಮಿಷ ವಿಕಿರಣಶೀಲ ಲ್ಯೂಸಿನ್ ಕೊಟ್ಟು, ಆ ಗುರುತು ಇಆರ್‌ನಿಂದ ಗಾಲ್ಜಿಗೆ, ಅಲ್ಲಿಂದ ಕಣಗಳಿಗೆ ಸರಿಯುವುದನ್ನು ನೋಡಿದರು.

ದಾರಿ ಬಂದ ಮೇಲೆ ಅದನ್ನು ಒಂದೊಂದು ಕಡೆ ಕೆಡಿಸಿ. ಸಿಗ್ನಲ್ ಸೀಕ್ವೆನ್ಸ್ ಅಳಿಸಿದರೆ ಪ್ರೋಟೀನ್ ಎಲ್ಲಿ ಉಳಿಯುತ್ತೆ? ಸೈಟೋಸಾಲಿನಲ್ಲೇ. ಲೈಸೋಸೋಮಿನ ಕಿಣ್ವಕ್ಕೆ ಗಾಲ್ಜಿಯಲ್ಲಿ ಮ್ಯಾನೋಸ್-6-ಫಾಸ್ಫೇಟ್ ಗುರುತು ಬೀಳದಿದ್ದರೆ? ಕಿಣ್ವ ಲೈಸೋಸೋಮಿಗೆ ಹೋಗುವ ಬದಲು ಕೋಶದ ಹೊರಗೆ ಸೋರುತ್ತೆ. ಐ-ಸೆಲ್ ಕಾಯಿಲೆಯಲ್ಲಿ ಆಗುವುದು ಇದೇ: ಕಿಣ್ವ ರಕ್ತದಲ್ಲಿ ಸಿಗುತ್ತೆ, ಲೈಸೋಸೋಮಿನಲ್ಲಿ ಕಸ ತುಂಬುತ್ತೆ. ಇಷ್ಟು ಮಾಡಿದರೆ 'ಗಾಲ್ಜಿಯ ಕೆಲಸಗಳನ್ನು ವಿವರಿಸಿ' ಅನ್ನುವ ಪ್ರಶ್ನೆಗೆ ಬೇರೆ ತಯಾರಿ ಬೇಕಾಗಲ್ಲ. ಹಾಂ, ಮೈಟೋಕಾಂಡ್ರಿಯಾದ ಪ್ರೋಟೀನುಗಳನ್ನು ಈ ದಾರಿಯಲ್ಲಿ ಕಳಿಸಬೇಡಿ. ಅವುಗಳಲ್ಲಿ ಹೆಚ್ಚಿನವು ಸೈಟೋಸಾಲಿನಲ್ಲಿ ತಯಾರಾಗಿ ನೇರವಾಗಿ ಹೋಗುತ್ತವೆ. ಪ್ರತಿ ವರ್ಷ ಯಾರಾದರೂ ಅವುಗಳಿಗೆ ಗಾಲ್ಜಿ ಸುತ್ತಿಸಿರುತ್ತಾರೆ.

ಏಳು, ಎಂಟನೇ ದಿನ ಮೈಟೋಕಾಂಡ್ರಿಯಾ ಮತ್ತು ಸೈಟೋಸ್ಕೆಲಿಟನ್. ಒಂಬತ್ತರಿಂದ ಹನ್ನೊಂದು ಸೆಲ್ ಸೈಕಲ್, ಮೈಟೋಸಿಸ್, ಮಿಯೋಸಿಸ್. ಹನ್ನೆರಡು ಸಿಗ್ನಲಿಂಗ್. ಹದಿಮೂರನೇ ದಿನ ಗಡಿಯಾರ ಇಟ್ಟುಕೊಂಡು ಒಂದು ಹಳೆಯ ಪ್ರಶ್ನೆಪತ್ರಿಕೆ, ಕೊನೆಯ ದಿನ ಅದರಲ್ಲಿ ತಪ್ಪಿದ್ದು ಮಾತ್ರ.

ಎಂಟ್ರೆನ್ಸ್‌ಗೆ ಓದುತ್ತಿರುವವರು:
ಇಷ್ಟೆಲ್ಲ ಯಾಕೆ? ನಾನು 400 ಕಾರ್ಡ್ ಮಾಡಿಕೊಂಡಿದ್ದೇನೆ, ದಿನಾ ತಿರುವಿ ಹಾಕ್ತೀನಿ. ನಾಲ್ಕು ಆಯ್ಕೆ ಇದ್ದರೆ ಉತ್ತರ ತಾನಾಗೇ ಹೊಳೆಯುತ್ತೆ.

ವಿದ್ಯಾರ್ಥಿನಿ:
ನಮ್ಮದು ಆಯ್ಕೆಯ ಪ್ರಶ್ನೆ ಅಲ್ಲ, ಬರೆಯುವ ಪರೀಕ್ಷೆ. ಹೊಳೆಯೋಕೆ ಅಲ್ಲಿ ಆಯ್ಕೆನೇ ಇರಲ್ಲ 😀

ಕೊನೆಯ ವರ್ಷದ ವಿದ್ಯಾರ್ಥಿ:
ಸೆಲ್ ಡಿವಿಷನ್‌ಗೆ ಮೂರು ದಿನ ಜಾಸ್ತಿ ಆಯ್ತು. ಎಸ್ ಹಂತದಲ್ಲಿ ಎಲ್ಲ ಡಬಲ್ ಆಗುತ್ತೆ, ಕ್ರೋಮೋಸೋಮ್ ಸಂಖ್ಯೆನೂ. ಮೈಟೋಸಿಸ್‌ನಲ್ಲಿ ಒಂದು ಸಲ ಅರ್ಧ, ಮಿಯೋಸಿಸ್‌ನಲ್ಲಿ ಎರಡು ಸಲ. ಮುಗೀತು.

ಪಾಠ ಮಾಡುವವರು:
ಡಿಎನ್‌ಎ ಡಬಲ್ ಆಗುತ್ತೆ, ಅದು ಸರಿ. ಕ್ರೋಮೋಸೋಮ್ ಸಂಖ್ಯೆ ಆಗಲ್ಲ. ಮೂರು ದಿನ ಕೇಳಿದ್ದು ಇದಕ್ಕೇ. ಎಣಿಸುವಾಗ ಸೆಂಟ್ರೋಮಿಯರ್ ನೋಡಿ: ಎಷ್ಟು ಸೆಂಟ್ರೋಮಿಯರೋ ಅಷ್ಟು ಕ್ರೋಮೋಸೋಮ್.

2n = 6 ಇರುವ ಕೋಶ ತೆಗೆದುಕೊಳ್ಳಿ. ಜಿ1ರಲ್ಲಿ ಕ್ರೋಮೋಸೋಮ್ 6, ಡಿಎನ್‌ಎ 2 ಪಾಲು ಅನ್ನೋಣ. ಎಸ್ ಮುಗಿದ ಮೇಲೆ ಡಿಎನ್‌ಎ 4 ಪಾಲು, ಕ್ರೋಮೋಸೋಮ್ ಇನ್ನೂ 6. ಒಂದೊಂದಕ್ಕೂ ಎರಡೆರಡು ಕ್ರೊಮ್ಯಾಟಿಡ್, ಅಷ್ಟೇ. ಮಿಯೋಸಿಸ್‌ನ ಮೊದಲ ಮೆಟಾಫೇಸ್‌ನಲ್ಲಿ ಅವೇ 6 ಮೂರು ಜೋಡಿಯಾಗಿ ನಿಲ್ಲುತ್ತವೆ. ಮೊದಲ ವಿಭಜನೆ ಮುಗಿದಾಗ ಪ್ರತಿ ಕೋಶದಲ್ಲಿ 3 ಕ್ರೋಮೋಸೋಮ್, ಆದರೆ 6 ಕ್ರೊಮ್ಯಾಟಿಡ್, 2 ಪಾಲು ಡಿಎನ್‌ಎ. ಎರಡನೆಯದು ಮುಗಿದಾಗ 3 ಕ್ರೋಮೋಸೋಮ್, 1 ಪಾಲು. ಅಂದರೆ ಡಿಎನ್‌ಎ ಎರಡು ಸಲ ಅರ್ಧವಾಯಿತು, ಸಂಖ್ಯೆ ಒಂದೇ ಸಲ. ಇದನ್ನು ಮೂರು ಬಣ್ಣದ ಪೆನ್ನಿನಲ್ಲಿ ಬರೆದು ಎಣಿಸಿ, ಮರುದಿನ 2n = 8 ಇಟ್ಟುಕೊಂಡು ಪುಸ್ತಕ ನೋಡದೆ ಮಾಡಿ.

ಕಳೆದ ವರ್ಷ ಬರೆದವರು:
ನನಗೆ ಆಗಿದ್ದೂ ಇದೇ. ಚಿತ್ರ ಚೆನ್ನಾಗಿ ಬರೆಯೋದು ಕಲಿತಿದ್ದೆ, ಶೇಡ್ ಎಲ್ಲ ಹಾಕಿ. ಪ್ರಶ್ನೆಯಲ್ಲಿ ಬರೀ ಸಂಖ್ಯೆ ಕೇಳಿದ್ದರು. ಚಿತ್ರ ಬರೆದಿಟ್ಟು ಬಂದೆ. ಅದಿರಲಿ, ಸಿಗ್ನಲಿಂಗ್ ನಾನು ಪೂರ್ತಿ ಬಿಟ್ಟಿದ್ದೆ, ಏನೂ ತೊಂದರೆ ಆಗಲಿಲ್ಲ. ಆ ದಿನವನ್ನೂ ಮಿಯೋಸಿಸ್‌ಗೆ ಕೊಟ್ಟುಬಿಡಿ.

ಪಾಠ ಮಾಡುವವರು:
ನಿಮ್ಮ ಪತ್ರಿಕೆಯಲ್ಲಿ ಆಯ್ಕೆ ಇದ್ದಿರಬೇಕು. ಇವರದ್ದರಲ್ಲಿ ಇದೆಯೋ ಇಲ್ಲವೋ ಹಳೆಯ ಪತ್ರಿಕೆ ನೋಡಿಯೇ ಹೇಳಬೇಕು. ನಾನಾದರೆ ಒಂದೇ ದಾರಿಯನ್ನಾದರೂ ಬರುವ ಹಾಗೆ ಇಟ್ಟುಕೊಳ್ಳುತ್ತೇನೆ: ಅಡ್ರಿನಲಿನ್, ರಿಸೆಪ್ಟರ್, ಜಿ ಪ್ರೋಟೀನ್, ಸೈಕ್ಲಿಕ್ ಎಎಂಪಿ.

ಇನ್ನೊಬ್ಬ ಉಪನ್ಯಾಸಕರು:
ಮೇಡಂ, ಹಳೆಯ ಪತ್ರಿಕೆಯನ್ನು ಹದಿಮೂರನೇ ದಿನಕ್ಕೆ ಇಡುವುದು ತಡ ಆಯ್ತು ಅಲ್ವಾ? ಮೊದಲ ದಿನವೇ ಬರೆಸಿದರೆ ಎಲ್ಲಿ ಹಿಂದಿದ್ದಾರೆ ಅಂತ ಅವರಿಗೇ ಗೊತ್ತಾಗುತ್ತೆ.

ಪಾಠ ಮಾಡುವವರು:
ಮೊದಲ ದಿನ ಪತ್ರಿಕೆ ನೋಡಿ ಗಾಬರಿಯಾಗಿ ಪುಸ್ತಕವನ್ನೇ ಬದಿಗಿಟ್ಟವರನ್ನು ನೋಡಿದ್ದೇನೆ ಸರ್. ಅದಕ್ಕೇ ಖಾಲಿ ಹಾಳೆ. ನಿಮ್ಮ ಮಕ್ಕಳಿಗೆ ಅದು ಸರಿಹೋಗಿದ್ದರೆ ಬೇಡ ಅನ್ನಲ್ಲ.

ವಿದ್ಯಾರ್ಥಿನಿ:
ಹಾಳೆಯಲ್ಲಿ ಬಾಣ ಹಾಕಿದೆ ಮೇಡಂ, ಗಾಲ್ಜಿಯಿಂದ ಮುಂದೆ ಎಲ್ಲ ಖಾಲಿ. ಆಸೆ ತಡೆಯದೆ ಆ 2n = 6 ಕೂಡ ಮಾಡಿ ನೋಡಿದೆ. ಎರಡನೇ ಅನಾಫೇಸ್‌ಗೆ 3 ಕ್ರೋಮೋಸೋಮ್ ಅಂತ ಬರೆದಿದ್ದೇನೆ. ಸರಿನಾ?

ಪಾಠ ಮಾಡುವವರು:
ಸೆಂಟ್ರೋಮಿಯರ್ ಆಗಲೇ ಬೇರೆಯಾಗಿದೆ, ಕೋಶ ಇನ್ನೂ ಎರಡಾಗಿಲ್ಲ. ಒಂದೊಂದು ತುದಿಯ ಕಡೆಗೆ 3 ಹೊರಟಿವೆ. ಈಗ ಇಡೀ ಕೋಶದಲ್ಲಿ ಎಷ್ಟು?

ವಿದ್ಯಾರ್ಥಿನಿ:
ಅಯ್ಯೋ, 6.