ಅಪ್‌ಡೇಟ್: ಹೆರಿಗೆಯಲ್ಲಿ ಕುಸಿದಿದ್ದ ಅಕ್ಕ ಈಗ ವಾರ್ಡಿನಲ್ಲಿದ್ದಾಳೆ

ನಾನು ಕೇಳಿದ್ದು: "ತುಮಕೂರಿನಲ್ಲಿ ಅಕ್ಕನಿಗೆ ಹೆರಿಗೆಯಾಗುವಾಗ ಉಸಿರು ಕಟ್ಟಿ ಬಿಪಿ ಬಿದ್ದುಹೋಯಿತು. ಗರ್ಭದ ನೀರು ತಾಯಿಯ ರಕ್ತಕ್ಕೆ ಸೇರಿ ಆಗುವ ಆಮ್ನಿಯಾಟಿಕ್ ಫ್ಲೂಯಿಡ್ ಎಂಬಾಲಿಸಂ ಇರಬಹುದು ಅಂತಾರೆ. ರಕ್ತ ಕೊಟ್ಟರೂ ಬ್ಲೀಡಿಂಗ್ ನಿಲ್ಲುತ್ತಿಲ್ಲ. ಏನು ಮಾಡಬಹುದು?"

ಅಕ್ಕ ಉಳಿದಳು. ವೆಂಟಿಲೇಟರ್ ತೆಗೆದಿದ್ದಾರೆ, ಮಗುವೂ ಚೆನ್ನಾಗಿದೆ.

ನನ್ನ ಪ್ರಶ್ನೆಗೆ ಉತ್ತರಿಸಿದವರಲ್ಲಿ ಒಬ್ಬರು ಫೈಬ್ರಿನೋಜನ್ ಎಷ್ಟಿದೆ ಕೇಳಿ ಅಂದಿದ್ದರಲ್ಲ, ಅದೇ ಕೆಲಸಕ್ಕೆ ಬಂತು. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್ ಅದು. ಅಕ್ಕನಿಗೆ 90 mg/dLಗೆ ಇಳಿದಿತ್ತು. ತುಂಬು ಗರ್ಭಿಣಿಯರಲ್ಲಿ ಅದು ಸಾಮಾನ್ಯವಾಗಿ 400ರ ಆಸುಪಾಸು ಅಥವಾ ಅದಕ್ಕೂ ಜಾಸ್ತಿ ಇರುತ್ತದಂತೆ. ಹಾಗಾಗಿ ಲ್ಯಾಬ್ ರಿಪೋರ್ಟ್ ನಾರ್ಮಲ್ ಅನ್ನುವ 200 ಕೂಡ ಹೆರಿಗೆಯಲ್ಲಿ ಕಮ್ಮಿಯೇ! ಕೆಂಪು ಕಣಗಳ ಬಾಟಲಿ ಮಾತ್ರ ಹಾಕಿದರೆ ಈ ಪ್ರೋಟೀನ್ ಸಿಗುವುದಿಲ್ಲ. ಡಾಕ್ಟರು ಪ್ಲಾಸ್ಮಾ ಜೊತೆ, ಪ್ಲಾಸ್ಮಾದಿಂದಲೇ ತೆಗೆಯುವ, ಫೈಬ್ರಿನೋಜನ್ ಹೆಚ್ಚಿರುವ ಕ್ರಯೋಪ್ರೆಸಿಪಿಟೇಟ್ ಬರೆದುಕೊಟ್ಟರು. ಕ್ರಯೋಪ್ರೆಸಿಪಿಟೇಟ್ ರಕ್ತದ ಭಾಗಗಳನ್ನು ಬೇರ್ಪಡಿಸುವ ಬ್ಲಡ್ ಬ್ಯಾಂಕಿನಲ್ಲಿ ಮಾತ್ರ ಸಿಗುತ್ತದೆ. ಫ್ರೀಜರಿನಿಂದ ತೆಗೆದು ಕರಗಿಸಬೇಕು, ಆದ್ದರಿಂದ ಹೊರಡುವ ಮುಂಚೆಯೇ ಫೋನ್ ಮಾಡಿ. ಅದನ್ನು ಕೊಟ್ಟ ಮೇಲೆ ಬ್ಲೀಡಿಂಗ್ ಹತೋಟಿಗೆ ಬಂತು.

ಬಿಪಿ ಏರಲು ಡ್ರಿಪ್ ಜಾಸ್ತಿ ಹಾಕಿಸಿ ಅನ್ನೋ ಇನ್ನೊಬ್ಬರ ಸಲಹೆ ನಮಗೆ ಸರಿಹೋಗಲಿಲ್ಲ. ಎಕೋದಲ್ಲಿ ಹೃದಯದ ಬಲಭಾಗ ಊದಿಕೊಂಡಿತ್ತು, ನೀರು ಜಾಸ್ತಿಯಾದರೆ ಇನ್ನೂ ಹಿಗ್ಗುತ್ತದಂತೆ. ಬಿಪಿ ಏರಿಸಲು ನಾರ್‌ಅಡ್ರಿನಲಿನ್ ಕೊಟ್ಟರು.

ಎಂಬಾಲಿಸಂ ಹೌದೋ ಅಲ್ಲವೋ ಖಚಿತಪಡಿಸುವ ಟೆಸ್ಟ್ ಮಾಡಿಸಿ ಅಂದವರಿಗೆ: ಅಂಥ ಟೆಸ್ಟೇ ಇಲ್ಲವಂತೆ. ಬೇರೆ ಕಾರಣಗಳನ್ನು ತಳ್ಳಿಹಾಕಿ, ಲಕ್ಷಣ ನೋಡಿಯೇ ಚಿಕಿತ್ಸೆ ಶುರು ಮಾಡುತ್ತಾರೆ.